ಎಷ್ಟು ಹೊತ್ತಿಗೆ ಹೊರಟರೆ ಎಷ್ಟು ನಿಮಿಷ? ಕುವೆಂಪುನಗರದಿಂದ ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯ ಲೆಕ್ಕ

ಮೈಸೂರಿನಲ್ಲಿ ಯಾರನ್ನು ಕೇಳಿದರೂ ಕುವೆಂಪುನಗರದಿಂದ ಸ್ಟೇಷನ್ನಿಗೆ 'ಹದಿನೈದು ನಿಮಿಷ ಸಾಕು' ಅನ್ನುತ್ತಾರೆ. ಬೆಳಿಗ್ಗೆ ಆರು ಗಂಟೆಗೆ ಅದು ನಿಜವೂ ಹೌದು. ಎಂಟೂಮುಕ್ಕಾಲಿಗೆ ಅದೇ ಕಾರು, ಅದೇ ದಾರಿ, ಅದೇ ಡ್ರೈವರ್ ಇದ್ದರೂ ಅರ್ಧ ಗಂಟೆ ಹಿಡಿಯಬಹುದು. ಒಂದು ದಿನ ಇಪ್ಪತ್ತೆರಡು ನಿಮಿಷವಾದರೆ ಮರುದಿನ ಮೂವತ್ತಾರು. ಆದ್ದರಿಂದ 'ಎಷ್ಟು ನಿಮಿಷ' ಎಂಬುದಕ್ಕೆ ಒಂದೇ ಸಂಖ್ಯೆಯ ಉತ್ತರ ಯಾವತ್ತೂ ತಪ್ಪೇ. 'ಇಂಥ ಹೊತ್ತಿಗೆ ಹೊರಟರೆ ಇಷ್ಟರಿಂದ ಇಷ್ಟು' ಎಂದು ಹೇಳುವುದೇ ಸರಿ. ಆ ಎರಡು ಸಂಖ್ಯೆಗಳನ್ನು ಊಹೆಯಿಂದಲ್ಲದೆ ಲೆಕ್ಕದಿಂದ ಹೇಗೆ ಪಡೆಯುವುದು ಎಂಬುದನ್ನು ಇಲ್ಲಿ ವಿವರಿಸಿದ್ದೇವೆ.

ದಾರಿ ಒಂದನ್ನೇ ಇಟ್ಟುಕೊಳ್ಳೋಣ. ಕುವೆಂಪುನಗರದ ಒಳಗಿನ ಒಂದು ಮನೆಯಿಂದ ಹೊರಟು ರಾಮಸ್ವಾಮಿ ವೃತ್ತಕ್ಕೆ ಬಂದು, ಜೆಎಲ್‌ಬಿ ರಸ್ತೆಯಲ್ಲಿ ಮೆಟ್ರೋಪೋಲ್ ವೃತ್ತ ದಾಟಿ, ಸ್ಟೇಷನ್ ಹತ್ತಿರದ ಒಂದು ಕಚೇರಿಗೆ ಒಂಬತ್ತೂವರೆಗೆ ತಲುಪಬೇಕು. ವಾಹನ ಕಾರು. ಕೆಳಗೆ ಬರುವ ನಿಮಿಷಗಳು ಲೆಕ್ಕದ ರೀತಿ ತೋರಿಸಲು ಕೊಟ್ಟ ಮಾದರಿ ಅಂಕಿಗಳು. ನಿಮ್ಮ ಬೀದಿಯ ಅಂಕಿಗಳನ್ನು ನೀವೇ ತುಂಬಿಕೊಳ್ಳಬೇಕು.

## ಹೊತ್ತು ಬದಲಾದರೆ ಸಮಯ ಯಾಕೆ ಇಷ್ಟು ಬದಲಾಗುತ್ತದೆ

ಊರೊಳಗೆ ಸಮಯ ನುಂಗುವುದು ರಸ್ತೆಯಲ್ಲ, ವೃತ್ತ. ಎರಡು ವೃತ್ತಗಳ ನಡುವೆ ಗಾಡಿಗಳು ಹೆಚ್ಚಾದರೆ ವೇಗ ಸ್ವಲ್ಪ ತಗ್ಗುತ್ತದೆ ಅಷ್ಟೆ. ಸಿಗ್ನಲ್ ಮುಂದೆ ಮಾತ್ರ ಲೆಕ್ಕವೇ ಬೇರೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಒಂದು ಸಿಗ್ನಲ್ಲಿನ ಪೂರ್ತಿ ಸುತ್ತು 120 ಸೆಕೆಂಡು, ಅದರಲ್ಲಿ ನಿಮ್ಮ ದಿಕ್ಕಿಗೆ ಹಸಿರು 30 ಸೆಕೆಂಡು, ಉಳಿದ 90 ಕೆಂಪು ಎಂದಿಟ್ಟುಕೊಳ್ಳಿ. ರಸ್ತೆ ಖಾಲಿ ಇರುವಾಗ ನೀವು ಯಾವ ಕ್ಷಣದಲ್ಲಿ ಬೇಕಾದರೂ ಬಂದು ನಿಲ್ಲಬಹುದು. ಅದೃಷ್ಟವಿದ್ದರೆ ಹಸಿರೇ ಸಿಗುತ್ತದೆ, ಇಲ್ಲದಿದ್ದರೆ ಹೆಚ್ಚೆಂದರೆ 90 ಸೆಕೆಂಡು ಕಾಯುತ್ತೀರಿ. ಹಲವು ದಿನಗಳ ಸರಾಸರಿ ತೆಗೆಯಲು ಕೆಂಪಿನ ಅವಧಿಯನ್ನು ಅದರಿಂದಲೇ ಗುಣಿಸಿ, ಸುತ್ತಿನ ಎರಡರಷ್ಟರಿಂದ ಭಾಗಿಸಬೇಕು: 90 × 90 ÷ 240. ಅಂದರೆ ಸುಮಾರು 34 ಸೆಕೆಂಡು. ಬೆಳಗಿನ ಆರು ಗಂಟೆಗೆ ದಾರಿಯಲ್ಲಿ ನಾಲ್ಕು ಸಿಗ್ನಲ್ ಇದ್ದರೂ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಹೋಗದಿರುವುದು ಇದಕ್ಕೇ.

ಈಗ ಗಾಡಿಗಳು ಹೆಚ್ಚಾಗಲಿ. ಹಸಿರು ಬಿದ್ದ ಮೇಲೆ ಒಂದು ಸಾಲಿನಿಂದ ಸುಮಾರು ಎರಡು ಸೆಕೆಂಡಿಗೊಂದು ಕಾರು ದಾಟುತ್ತದೆ. ಮೊದಲ ಗಾಡಿ ಕದಲಲು ಹಿಡಿಯುವ ಹೊತ್ತನ್ನು ಕಳೆದರೆ 30 ಸೆಕೆಂಡಿನಲ್ಲಿ ಹದಿನಾಲ್ಕು ಕಾರು ದಾಟಬಹುದು. ಒಂದೊಂದು ಸುತ್ತಿಗೆ ಹನ್ನೆರಡು ಕಾರು ಬರುತ್ತಿರುವವರೆಗೆ ಎಲ್ಲರೂ ಅದೇ ಹಸಿರಿನಲ್ಲಿ ದಾಟುತ್ತಾರೆ. ಹದಿನೆಂಟು ಬರತೊಡಗಿದವು ಅನ್ನಿ. ಪ್ರತಿ ಸುತ್ತಿಗೂ ನಾಲ್ಕು ಕಾರು ಬಾಕಿ ಉಳಿಯುತ್ತವೆ. ಐದು ಸುತ್ತು, ಅಂದರೆ ಹತ್ತೇ ನಿಮಿಷದಲ್ಲಿ, ಇಪ್ಪತ್ತು ಕಾರುಗಳ ಸಾಲು ನಿಂತುಬಿಡುತ್ತದೆ. ಆಮೇಲೆ ಬಂದವರು ಆ ಇಪ್ಪತ್ತು ದಾಟುವವರೆಗೂ ಕಾಯಬೇಕು. ಇದರಿಂದ ಒಂದೇ ವೃತ್ತದಲ್ಲಿ ಒಂದೂವರೆ ಸುತ್ತು, ಮೂರು ನಿಮಿಷ, ಹೆಚ್ಚಿಗೆ ಹೋಯಿತು.

ಸಾಲು ಕರಗುವ ರೀತಿ ಇನ್ನೂ ಮುಖ್ಯ. ಬರುವ ಗಾಡಿಗಳು ಮತ್ತೆ ಹನ್ನೆರಡಕ್ಕೆ ಇಳಿದರೂ ಪ್ರತಿ ಸುತ್ತಿಗೆ ಸಾಲಿನಿಂದ ಕಡಿಮೆಯಾಗುವುದು ಎರಡೇ ಕಾರು. ಇಪ್ಪತ್ತು ಕರಗಲು ಹತ್ತು ಸುತ್ತು, ಇಪ್ಪತ್ತು ನಿಮಿಷ. ಹತ್ತು ನಿಮಿಷದಲ್ಲಿ ಬೆಳೆದ ಸಾಲು ಹೋಗಲು ಅದರ ಎರಡರಷ್ಟು ಹೊತ್ತು ಹಿಡಿಯಿತು. ಶಾಲೆಯ ಗಂಟೆ ಹೊಡೆದ ಮೇಲೂ ಶಾಲೆಯ ಮುಂದಿನ ರಸ್ತೆ ತೆರವಾಗದೆ ಇರುವುದಕ್ಕೆ ಇದೇ ಕಾರಣ. ಮಕ್ಕಳನ್ನು ಬಿಟ್ಟ ಕಾರುಗಳು ಇನ್ನೂ ಮುಂದಿನ ವೃತ್ತದ ಸಾಲಿನಲ್ಲಿರುತ್ತವೆ, ಅಷ್ಟರಲ್ಲಿ ಕಚೇರಿಯವರು ಬಂದು ಸೇರಿಕೊಳ್ಳುತ್ತಾರೆ.

ಹೀಗಾಗಿ ಹದಿನಾಲ್ಕರ ಗೆರೆ ದಾಟದಿರುವವರೆಗೆ ನಾಲ್ಕು ಗಾಡಿ ಹೆಚ್ಚು ಬಂದರೂ ನಿಮಗೆ ತಿಳಿಯುವುದಿಲ್ಲ. ಗೆರೆ ದಾಟಿದ ಮೇಲೆ ಅದೇ ನಾಲ್ಕು ಗಾಡಿ ನಿಮಿಷಗಟ್ಟಲೆ ತಿನ್ನುತ್ತವೆ. ಗೆರೆಯ ಆಸುಪಾಸಿನ ಹೊತ್ತಿನಲ್ಲಿ ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ಅಜಗಜಾಂತರ ಬರುವುದು ಈ ಕಾರಣಕ್ಕೆ. ಸಾಲು ಗೆರೆ ದಾಟಿದೆಯೋ ಇಲ್ಲವೋ ಎಂದು ರಸ್ತೆಯಲ್ಲೇ ಗೊತ್ತುಮಾಡಿಕೊಳ್ಳಬಹುದು: ಹಸಿರು ಮುಗಿದು ಮತ್ತೆ ಕೆಂಪಾದಾಗ ನಿಮ್ಮ ಮುಂದೆ ಇನ್ನೂ ಗಾಡಿಗಳು ಉಳಿದಿದ್ದರೆ ದಾಟಿದೆ.

ಸ್ಕೂಟರ್, ಬೈಕಿನವರು ಸಂದಿಯಲ್ಲಿ ಮುಂದೆ ಬಂದು ನಿಲ್ಲುವುದರಿಂದ ಬಹುಮಟ್ಟಿಗೆ ಮೊದಲ ಹಸಿರಿನಲ್ಲೇ ದಾಟುತ್ತಾರೆ. ಅವರ ಸಮಯದ ಏರಿಳಿತ ಕಾರಿನಷ್ಟು ಇರುವುದಿಲ್ಲ. ಪಕ್ಕದ ಮನೆಯವರು ಸ್ಕೂಟರಿನಲ್ಲಿ ಹೋಗಿ ಹೇಳಿದ ನಿಮಿಷಗಳನ್ನು ಕಾರಿಗೆ ಹಾಕಿಕೊಳ್ಳಬೇಡಿ.

## ಮೊದಲ ಕೆಲಸ: ಎಲ್ಲಿಂದ ಎಲ್ಲಿಗೆ ಎಂದು ಗೊತ್ತುಮಾಡಿ

ಬಹಳ ಜನ ಗಡಿಯಾರ ನೋಡುವುದು ಕಾರು ಗೇಟು ದಾಟಿದ ಮೇಲೆ, ನಿಲ್ಲಿಸುವುದು ಕಚೇರಿ ಕಣ್ಣಿಗೆ ಬಿದ್ದಾಗ. ಮನೆಗೆ ಬೀಗ ಹಾಕಿ ಗಾಡಿ ಹೊರತೆಗೆಯಲು ಎರಡು ಮೂರು ನಿಮಿಷ, ಪಾರ್ಕಿಂಗ್ ಹುಡುಕಿ ನಡೆದು ಹೋಗಲು ನಾಲ್ಕೈದು ನಿಮಿಷ ಲೆಕ್ಕಕ್ಕೇ ಬರುವುದಿಲ್ಲ. ಮನೆಬಾಗಿಲಿಗೆ ಬೀಗ ಬಿದ್ದ ಕ್ಷಣದಿಂದ ಕುರ್ಚಿಯಲ್ಲಿ ಕೂತ ಕ್ಷಣದವರೆಗೆ ಅಳೆಯಿರಿ. ಬಸ್ಸಿನಲ್ಲಿ ಹೋಗುವವರು ಸ್ಟಾಪಿಗೆ ನಡೆಯುವ ಹೊತ್ತನ್ನೂ ಕಾಯುವ ಹೊತ್ತನ್ನೂ ಸೇರಿಸಬೇಕು. ಇಪ್ಪತ್ತು ನಿಮಿಷಕ್ಕೊಂದು ಬಸ್ಸಿದ್ದು ನೀವು ಸಮಯ ನೋಡದೆ ಸ್ಟಾಪಿಗೆ ಬಂದರೆ ಸರಾಸರಿ ಕಾಯುವುದು ಹತ್ತು ನಿಮಿಷ, ಕೆಟ್ಟ ದಿನ ಪೂರ್ತಿ ಇಪ್ಪತ್ತು.

ಹೋಗುವ ದಾರಿಯ ಲೆಕ್ಕವನ್ನು ಬರುವುದಕ್ಕೆ ಬಳಸಬೇಡಿ. ಬೆಳಗಿನ ಜನಸಂದಣಿ ಶಾಲೆ, ಕಚೇರಿಗಳ ಗಂಟೆಗೆ ಕಟ್ಟುಬಿದ್ದದ್ದು, ಅದರ ತುದಿ ಚೂಪು. ಸಂಜೆಯದು ಹಾಗಲ್ಲ. ಕಚೇರಿ ಬಿಟ್ಟವರು, ಟ್ಯೂಷನ್ನಿಗೆ ಹೋಗುವವರು, ಸಯ್ಯಾಜಿರಾವ್ ರಸ್ತೆ, ದೇವರಾಜ ಅರಸ್ ರಸ್ತೆಗೆ ಸಾಮಾನಿಗೆ ಬರುವವರು ಒಬ್ಬರ ಬೆನ್ನಿಗೊಬ್ಬರು ಸೇರುವುದರಿಂದ ಐದೂವರೆಯಿಂದ ಎಂಟರವರೆಗೂ ಎಳೆಯುತ್ತದೆ. ಅರ್ಧ ಗಂಟೆ ಮುಂಚೆ ಹೊರಟು ತಪ್ಪಿಸಿಕೊಳ್ಳುವ ಉಪಾಯ ಬೆಳಿಗ್ಗೆ ಚೆನ್ನಾಗಿ ನಡೆಯುತ್ತದೆ, ಸಂಜೆ ಅಷ್ಟಾಗಿ ನಡೆಯುವುದಿಲ್ಲ.

## ಇಪ್ಪತ್ತು ದಿನ ಬರೆದಿಡಿ

ಒಂದು ಹಾಳೆ ಅಥವಾ ಮೊಬೈಲಿನ ಶೀಟ್ ಸಾಕು. ದಿನಾಂಕ, ವಾರ, ಹೊರಟ ಹೊತ್ತು, ತಲುಪಿದ ಹೊತ್ತು, ಮಳೆ ಇತ್ತೇ, ಏನಾದರೂ ವಿಶೇಷವೇ, ಇಷ್ಟೇ ಕಲಂ. ಹೊರಟ ಹೊತ್ತನ್ನು ಸುಮಾರಾಗಿ ಬರೆಯಬೇಡಿ. 8:45 ಮತ್ತು 8:55 ಒಂದೇ ಅಲ್ಲ ಎಂಬುದೇ ಇಲ್ಲಿನ ವಿಷಯ. ಹೊರಟ ಹೊತ್ತಿನ ಆಚೀಚೆ ಐದೈದು ನಿಮಿಷದೊಳಗಿನ ದಿನಗಳನ್ನು ಮಾತ್ರ ಒಂದೇ ಗುಂಪಿಗೆ ಸೇರಿಸಿ.

8:45ಕ್ಕೆ ಹೊರಟ ಇಪ್ಪತ್ತು ಕೆಲಸದ ದಿನಗಳ ನಿಮಿಷಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ಹೀಗಾಯಿತು ಅನ್ನೋಣ:

21, 22, 22, 23, 23, 24, 24, 24, 25, 25, 26, 26, 27, 27, 28, 29, 31, 33, 36, 47

ಸರಾಸರಿ ತೆಗೆದರೆ 27 ಬರುತ್ತದೆ. ಅದನ್ನು ನಂಬಿ ಹೊರಟರೆ ಇಪ್ಪತ್ತರಲ್ಲಿ ಆರು ದಿನ ತಡವಾಗುತ್ತೀರಿ. ಜೊತೆಗೆ 47 ನಿಮಿಷದ ಆ ಒಂದು ದಿನ ಸರಾಸರಿಯನ್ನೇ ಮೇಲಕ್ಕೆ ಎಳೆದಿದೆ. ಆದ್ದರಿಂದ ಸರಾಸರಿ ಬಿಟ್ಟು ಮೂರು ಸಂಖ್ಯೆ ತೆಗೆದುಕೊಳ್ಳಿ. ನಟ್ಟನಡುವಿನದು, ಅಂದರೆ ಹತ್ತನೆಯ ಮತ್ತು ಹನ್ನೊಂದನೆಯ ಸಂಖ್ಯೆಗಳ ನಡುವೆ, 25.5. ಇದನ್ನು ಸಾಮಾನ್ಯ ಸಮಯ ಎನ್ನೋಣ. ಕೆಳಗಿನಿಂದ ಎರಡನೆಯದು 22, ಒಳ್ಳೆಯ ದಿನದ ಸಮಯ. ಹದಿನೆಂಟನೆಯದು 33. ಹತ್ತರಲ್ಲಿ ಒಂಬತ್ತು ದಿನ ಇದರೊಳಗೆ ತಲುಪುತ್ತೀರಿ, ಹಾಗಾಗಿ ಇದು ಭದ್ರ ಸಮಯ. ಯಾರಾದರೂ ಕೇಳಿದರೆ ಹೇಳಬೇಕಾದ ಉತ್ತರ '22ರಿಂದ 33, ಸಾಮಾನ್ಯವಾಗಿ 25-26'.

ಶೀಟಿನಲ್ಲಿ B2ರಿಂದ B21ರವರೆಗೆ ನಿಮಿಷಗಳಿದ್ದರೆ ಸೂತ್ರಗಳು ಇವು:

```
=PERCENTILE(B2:B21, 0.1)
=MEDIAN(B2:B21)
=PERCENTILE(B2:B21, 0.9)
```

ಮೂರನೆಯದಕ್ಕೆ 33.3 ಬರುತ್ತದೆ. ಶೀಟು ಎರಡು ಸಂಖ್ಯೆಗಳ ನಡುವಿನ ಭಾಗವನ್ನೂ ಲೆಕ್ಕ ಹಾಕುವುದರಿಂದ ಆ ಚಿಲ್ಲರೆ. ತಲೆ ಕೆಡಿಸಿಕೊಳ್ಳಬೇಕಿಲ್ಲ.

ನೋಡಬೇಕಾದ್ದು ಬೇರೊಂದು. ಸಾಮಾನ್ಯ ಸಮಯದಿಂದ ಕೆಳಕ್ಕೆ ಮೂರೂವರೆ ನಿಮಿಷ, ಮೇಲಕ್ಕೆ ಏಳೂವರೆ. ಎರಡು ಬದಿ ಸಮ ಇಲ್ಲ. ರಸ್ತೆ ಎಷ್ಟೇ ಖಾಲಿ ಇದ್ದರೂ ಒಂದು ಮಿತಿಗಿಂತ ಬೇಗ ಹೋಗಲಾಗದು, ತಡವಾಗುವುದಕ್ಕೆ ಮಾತ್ರ ಮಿತಿ ಇಲ್ಲ. ಹಾಗಾಗಿ '25, ಹೆಚ್ಚು ಕಡಿಮೆ ಐದು ನಿಮಿಷ' ಎಂಬ ರೂಢಿಯ ಮಾತು ಒಂದು ಕಡೆ ಹೆಚ್ಚಾಯಿತು, ಇನ್ನೊಂದು ಕಡೆ ಸಾಲದಾಯಿತು. ನಿಮ್ಮ ಪಟ್ಟಿಯಲ್ಲಿ ಎರಡು ಬದಿಯೂ ಸಮ ಬಂದರೆ ತಡವಾದ ದಿನಗಳನ್ನು 'ಅದು ಲೆಕ್ಕಕ್ಕಿಲ್ಲ' ಎಂದು ಬಿಟ್ಟಿದ್ದೀರೇ ಎಂದು ಒಮ್ಮೆ ನೋಡಿಕೊಳ್ಳಿ.

## ಹಿಂದಕ್ಕೆ ಕಳೆಯುವಾಗ ಆಗುವ ಎಡವಟ್ಟು

ಭದ್ರ ಸಮಯ 33, ಕಚೇರಿ 9:30. ಕಳೆದರೆ 8:57. ಹಾಗಾದರೆ 8:57ಕ್ಕೆ ಹೊರಟರೆ ಆಯಿತಲ್ಲ? ಆಗುವುದಿಲ್ಲ. ಆ 33 ಬಂದದ್ದು 8:45ಕ್ಕೆ ಹೊರಟ ದಿನಗಳಿಂದ. ಹನ್ನೆರಡು ನಿಮಿಷ ತಡವಾಗಿ ಹೊರಟಾಗ ನೀವು ವೃತ್ತ ಸೇರುವುದು ಸಾಲು ಇನ್ನೂ ಬೆಳೆದ ಮೇಲೆ. ಅಂಕಿಗಳೆಲ್ಲ ಸರಿಯಿದ್ದರೂ ಕಚೇರಿಗೆ ತಡವಾಗುವವರು ಮಾಡುವ ತಪ್ಪು ಬಹುತೇಕ ಇದೇ.

ಇದಕ್ಕೆ ಒಂದೇ ಪರಿಹಾರ, ಹೊರಡುವ ಹೊತ್ತನ್ನು ಬದಲಿಸಿ ಅಳೆಯುವುದು. ಮೂರು ಹೊತ್ತು ಸಾಕು: 8:15, 8:45, 9:15. ಪ್ರತಿ ಹೊತ್ತಿಗೂ ಇಪ್ಪತ್ತು ದಿನ ಸಿಗದಿದ್ದರೆ ಹತ್ತಾದರೂ ಇರಲಿ. ಹತ್ತೇ ಇದ್ದಾಗ ಅತಿ ಹೆಚ್ಚಿನ ಎರಡನೆಯ ಸಂಖ್ಯೆಯನ್ನು ಭದ್ರ ಸಮಯ ಎಂದು ತೆಗೆದುಕೊಳ್ಳಿ, ಆದರೆ ಅದನ್ನು ಪೂರ್ತಿ ನಂಬಬೇಡಿ. ನಮ್ಮ ಮಾದರಿಯಲ್ಲಿ ಭದ್ರ ಸಮಯ 8:15ಕ್ಕೆ 26, 8:45ಕ್ಕೆ 33, 9:15ಕ್ಕೆ 41 ಬಂತು ಅನ್ನಿ. ಅಂದರೆ ತಲುಪುವುದು 8:41, 9:18, 9:56. ಅರ್ಧ ಗಂಟೆ ತಡವಾಗಿ ಹೊರಟರೆ 37-38 ನಿಮಿಷ ತಡವಾಗಿ ತಲುಪುತ್ತೀರಿ. ಒಂದು ನಿಮಿಷ ತಡಮಾಡಿದರೆ ಒಂದೂಕಾಲು ನಿಮಿಷದ ದಂಡ.

ಈಗ ಹಿಂದಕ್ಕೆ ಲೆಕ್ಕ ಹಾಕಬಹುದು. 9:18ಕ್ಕೂ 9:30ಕ್ಕೂ ನಡುವೆ 12 ನಿಮಿಷ ಇದೆ. ಅದನ್ನು ಒಂದೂಕಾಲರಿಂದ ಭಾಗಿಸಿದರೆ ಒಂಬತ್ತೂವರೆ. ಹಾಗಾಗಿ 8:45ರ ನಂತರ ಒಂಬತ್ತು ನಿಮಿಷ ಮಾತ್ರ ಸಡಿಲ ಇದೆ, ಕೊನೆಯ ಹೊತ್ತು 8:54. ಸುಮ್ಮನೆ ಕಳೆದಾಗ ಬಂದ 8:57ಕ್ಕೆ ಹೊರಟಿದ್ದರೆ ಅದೇ ಲೆಕ್ಕದ ಪ್ರಕಾರ ಭದ್ರ ಸಮಯ 36 ಆಗಿ 9:33ಕ್ಕೆ ತಲುಪುತ್ತಿದ್ದಿರಿ.

## ದಾರಿ ಹೊಸದಾದರೆ ತುಂಡು ಮಾಡಿ ಕೂಡಿಸಿ

ಹೊಸ ಕೆಲಸ ಸಿಕ್ಕಿದೆ, ಇಪ್ಪತ್ತು ದಿನ ಅಳೆಯಲು ಪುರುಸೊತ್ತಿಲ್ಲ. ಆಗ ದಾರಿಯನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಸಾಮಾನ್ಯ ಸಮಯ, ಭದ್ರ ಸಮಯ ಊಹಿಸಿ. ತುಂಡು ಮಾಡಬೇಕಾದ್ದು ವೃತ್ತ ದಾಟಿದ ಮೇಲೆ, ವೃತ್ತಕ್ಕೆ ಮುಂಚೆ ಅಲ್ಲ. ಆಗ ಆ ವೃತ್ತದ ಕಾಯುವಿಕೆ ಅದೇ ತುಂಡಿನೊಳಗೆ ಇರುತ್ತದೆ.

ಮನೆಯಿಂದ ರಾಮಸ್ವಾಮಿ ವೃತ್ತ ದಾಟುವವರೆಗೆ ಸಾಮಾನ್ಯವಾಗಿ 9, ಭದ್ರ 12. ಅಲ್ಲಿಂದ ಮೆಟ್ರೋಪೋಲ್ ದಾಟುವವರೆಗೆ 8, ಭದ್ರ 13. ಮೆಟ್ರೋಪೋಲಿನಿಂದ ಕಚೇರಿಯ ಗೇಟಿಗೆ 5, ಭದ್ರ 7. ಪಾರ್ಕಿಂಗ್, ನಡಿಗೆ 4, ಭದ್ರ 6. ಸಾಮಾನ್ಯ ಸಮಯಗಳನ್ನು ನೇರವಾಗಿ ಕೂಡಿಸಬಹುದು, 26 ನಿಮಿಷ. ಭದ್ರ ಸಮಯಗಳನ್ನು ಹಾಗೆ ಕೂಡಿಸಿದರೆ 38 ಬರುತ್ತದೆ. ಅದು ಎಲ್ಲ ವೃತ್ತಗಳೂ ಒಂದೇ ದಿನ ಕೈಕೊಟ್ಟರೆ ಆಗುವ ಲೆಕ್ಕ. ಮಾಮೂಲಿ ದಿನ ಒಂದು ಕಡೆ ಸಾಲು ಸಿಕ್ಕರೆ ಇನ್ನೊಂದು ಕಡೆ ಸಲೀಸಾಗಿರುತ್ತದೆ. ಅದಕ್ಕೆ ಹೆಚ್ಚುವರಿ ನಿಮಿಷಗಳನ್ನು (3, 5, 2, 2) ಒಂದೊಂದಾಗಿ ವರ್ಗ ಮಾಡಿ ಕೂಡಿಸಿ, ವರ್ಗಮೂಲ ತೆಗೆಯಿರಿ:

```
=SQRT(3^2 + 5^2 + 2^2 + 2^2)
```

ಉತ್ತರ ಸುಮಾರು ಆರೂವರೆ. 26ಕ್ಕೆ ಸೇರಿಸಿದರೆ 32.5. ಮಾದರಿ ಪಟ್ಟಿಯ 33ಕ್ಕೆ ಇದು ಹತ್ತಿರದಲ್ಲೇ ಇದೆ. ಹಾಗಂತ 38ನ್ನು ಎಸೆಯಬೇಡಿ. ಈ ವರ್ಗಮೂಲದ ಲೆಕ್ಕ ಒಂದು ವೃತ್ತದ ತೊಂದರೆಗೂ ಇನ್ನೊಂದರದ್ದಕ್ಕೂ ಸಂಬಂಧವಿಲ್ಲ ಎಂದು ನಂಬಿ ಹಾಕಿದ್ದು. ಬೆಳಿಗ್ಗೆ ಜೋರು ಮಳೆ ಹಿಡಿದರೆ ಆ ನಂಬಿಕೆ ಬೀಳುತ್ತದೆ. ಸ್ಕೂಟರಿನವರು ಮರದಡಿ ನಿಲ್ಲುತ್ತಾರೆ ಇಲ್ಲವೇ ಕಾರು ತೆಗೆಯುತ್ತಾರೆ, ಎಲ್ಲ ವೃತ್ತಗಳಲ್ಲೂ ಒಟ್ಟಿಗೆ ಸಾಲು ಬೆಳೆಯುತ್ತದೆ. ಮಳೆಯ ದಿನಕ್ಕೆ 38 ಇಟ್ಟುಕೊಳ್ಳಿ.

ಗೂಗಲ್ ಮ್ಯಾಪ್ ಇದಕ್ಕೆ ಸಹಾಯಕ್ಕೆ ಬರುತ್ತದೆ. ಕಂಪ್ಯೂಟರಿನಲ್ಲಿ ದಾರಿ ಹಾಕಿ, Leave now ಎಂಬಲ್ಲಿ Depart at ಆರಿಸಿ ನಾಳೆಯ 8:45 ಕೊಟ್ಟರೆ ಅದೂ ಒಂದು ಸಂಖ್ಯೆಯ ಬದಲು ಇಷ್ಟರಿಂದ ಇಷ್ಟು ಎಂದು ತೋರಿಸುತ್ತದೆ. ಹಿಂದಿನ ದಿನಗಳ ಸಂಚಾರದಿಂದ ಬಂದ ಅಂದಾಜು ಅದು. ಬೀಗ ಹಾಕುವುದು, ಪಾರ್ಕಿಂಗ್, ನಡಿಗೆ ಅದರಲ್ಲಿ ಇರುವುದಿಲ್ಲ, ನೀವೇ ಸೇರಿಸಬೇಕು. ಕಾರಿನ ಚಿಹ್ನೆಗೂ ಬೈಕಿನ ಚಿಹ್ನೆಗೂ ಸಮಯ ಬೇರೆ ಬರುವುದರಿಂದ ಯಾವುದು ಒತ್ತಿದ್ದೀರಿ ನೋಡಿಕೊಳ್ಳಿ. ರಾತ್ರಿ ಹತ್ತಕ್ಕೆ ಕೂತು 'ಈಗ ಎಷ್ಟು' ಎಂದು ನೋಡಿ ಬೆಳಗಿನ ಲೆಕ್ಕ ಹಾಕುವುದಂತೂ ಬೇಡವೇ ಬೇಡ.

## ಪಟ್ಟಿಯಿಂದ ಹೊರಗಿಡಬೇಕಾದ ದಿನಗಳು

ಮೈಸೂರಿನ ಲೆಕ್ಕ ಕೆಡುವುದು ಹೆಚ್ಚಾಗಿ ಕ್ಯಾಲೆಂಡರಿನಿಂದ. ದಸರಾದ ದಿನಗಳನ್ನು ಪೂರ್ತಿ ಬೇರೆ ಹಾಳೆಯಲ್ಲಿ ಬರೆಯಿರಿ. ಅರಮನೆಯ ಸುತ್ತ ಸಂಚಾರ ಬದಲಾಗುತ್ತದೆ, ಜಂಬೂ ಸವಾರಿಯ ದಿನ ಅರಮನೆಯಿಂದ ಬನ್ನಿಮಂಟಪದವರೆಗಿನ ದಾರಿ ಮೆರವಣಿಗೆಯದು. ಅಲ್ಲಿ ಬರಲಾಗದ ಗಾಡಿಗಳೆಲ್ಲ ಬೇರೆ ರಸ್ತೆಗಳಿಗೆ ಬಂದು ಬೀಳುತ್ತವೆ. ಭಾನುವಾರ ಮತ್ತು ಸರ್ಕಾರಿ ರಜೆಗಳ ಸಂಜೆ ಅರಮನೆಗೆ ದೀಪ ಹಚ್ಚುವುದರಿಂದ ಏಳರ ಆಸುಪಾಸಿನಲ್ಲಿ ಆ ಕಡೆಯ ಸಂದಣಿಯೇ ಬೇರೆ. ಆಷಾಢ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟದ ಕಡೆಯ ರಸ್ತೆಗಳು ಬೆಳಗಿನ ಜಾವದಿಂದಲೇ ತುಂಬಿರುತ್ತವೆ. ಮೃಗಾಲಯಕ್ಕೆ ಮಂಗಳವಾರ ವಾರದ ರಜೆ, ಆ ರಸ್ತೆಯಲ್ಲಿ ಓಡಾಡುವವರು ಮಂಗಳವಾರವನ್ನು ಪ್ರತ್ಯೇಕ ಇಟ್ಟರೆ ವ್ಯತ್ಯಾಸ ಕಾಣುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ಶಾಲೆಯದು. ಏಪ್ರಿಲ್-ಮೇ ರಜೆಯಲ್ಲಿ ಅಳೆದ ಪಟ್ಟಿ ಜೂನಿನಲ್ಲಿ ಕೆಲಸಕ್ಕೆ ಬಾರದು. ಮೇ ತಿಂಗಳಲ್ಲಿ ಮನೆ ಬದಲಿಸಿ 'ಕಚೇರಿ ಇಪ್ಪತ್ತೇ ನಿಮಿಷ' ಎಂದು ಬಾಡಿಗೆ ಒಪ್ಪಿದವರಿಗೆ ಶಾಲೆ ತೆರೆದ ವಾರ ಗೊತ್ತಾಗುತ್ತದೆ.

47 ನಿಮಿಷದ ಆ ಒಂದು ದಿನವನ್ನು ಏನು ಮಾಡುವುದು? ವಿಶೇಷದ ಕಲಂ ನೋಡಿ. ಮೆರವಣಿಗೆಯಂಥ ಮೊದಲೇ ಗೊತ್ತಿದ್ದ ಕಾರಣವಿದ್ದರೆ ತೆಗೆದುಹಾಕಿ, ಮುಂದಿನ ಸಲ ಅಂಥ ದಿನ ಬೇರೆ ಲೆಕ್ಕ ಹಾಕಿಕೊಳ್ಳುತ್ತೀರಿ. ಲಾರಿ ಕೆಟ್ಟು ನಿಂತದ್ದೋ ಮರ ಬಿದ್ದದ್ದೋ ಆದರೆ ಪಟ್ಟಿಯಲ್ಲೇ ಇರಲಿ. ಅದು ಮುನ್ಸೂಚನೆ ಕೊಟ್ಟು ಬರುವುದಿಲ್ಲ, ವರ್ಷದಲ್ಲಿ ಮತ್ತೆ ಬಂದೇ ಬರುತ್ತದೆ.

## ರೈಲು ಹಿಡಿಯಬೇಕಾದರೆ

ಕಚೇರಿಗೆ ಹತ್ತರಲ್ಲಿ ಒಂದು ದಿನ ಐದು ನಿಮಿಷ ತಡವಾದರೆ ನಡೆಯುತ್ತದೆ. ರೈಲಿಗೆ ಆ ಮಾತಿಲ್ಲ. ಅದೇ ದಾರಿ, ಅದೇ ಪಟ್ಟಿ, ಆದರೆ ಆರಿಸುವ ಸಂಖ್ಯೆ ಬೇರೆ: 33 ಅಲ್ಲ, ಪಟ್ಟಿಯ ಅತಿ ದೊಡ್ಡದಾದ 47. ಕಚೇರಿಯ ಪಾರ್ಕಿಂಗ್, ನಡಿಗೆಗೆ ಸೇರಿದ್ದ 4 ನಿಮಿಷ ಕಳೆದು, ಸ್ಟೇಷನ್ ಪಾರ್ಕಿಂಗ್, ಮೆಟ್ಟಿಲು, ಪ್ಲಾಟ್‌ಫಾರಂ, ಬೋಗಿ ಹುಡುಕುವುದಕ್ಕೆ 12 ಸೇರಿಸಿ. 55 ನಿಮಿಷ ಆಯಿತು. 9:40ರ ರೈಲಾದರೆ 8:45ಕ್ಕೆ ಬೀಗ ಹಾಕಬೇಕು. ಯಾರಾದರೂ ಬಿಟ್ಟು ಹೋಗುವುದಾದರೆ ಪಾರ್ಕಿಂಗ್ ಉಳಿಯುತ್ತದೆ, ಹನ್ನೆರಡರ ಬದಲು ಏಳು ಸಾಕು. ಆಟೊದಲ್ಲಿ ಹೋಗುವವರು ಆಟೊ ಸಿಗುವ ಹೊತ್ತನ್ನು ಮುಂದೆ ಸೇರಿಸಿಕೊಳ್ಳಬೇಕು. ಶಾಲೆಯ ಮಕ್ಕಳನ್ನು ಬಿಡುವ ಆಟೊಗಳು ಎಂಟರಿಂದ ಒಂಬತ್ತರವರೆಗೆ ಬಿಡುವಾಗಿರುವುದಿಲ್ಲ.

ರಸ್ತೆ ಅಗೆದರೆ, ಸಿಗ್ನಲ್ ಹೊಸದಾಗಿ ಬಂದರೆ, ಒಂದು ರಸ್ತೆ ಏಕಮುಖವಾದರೆ ಹಳೆಯ ಪಟ್ಟಿಗೆ ಅಲ್ಲಿಗೆ ಗೆರೆ ಎಳೆಯಿರಿ. ಐದು ದಿನ ಹೊಸದಾಗಿ ಅಳೆದು, ಅದರಲ್ಲಿ ನಾಲ್ಕು ಹಳೆಯ ಸಾಮಾನ್ಯ ಸಮಯಕ್ಕಿಂತ ಹೆಚ್ಚು ಬಂದರೆ ಅನುಮಾನ ಪಡಿ. ಐದೂ ಹೆಚ್ಚು ಬಂದರೆ ದಾರಿ ಬದಲಾಗಿದೆ ಎಂದೇ ತಿಳಿದು ಪಟ್ಟಿಯನ್ನು ಮೊದಲಿಂದ ಶುರುಮಾಡಿ.